ಊಟದ ಸಾಲಿನಲ್ಲಿ ಸಿಕ್ಕವರಿಗೆ ಒಂದು ಮೇಲ್

ಪುಣೆಯಲ್ಲಿ ಕನ್ನಡಿಗ ಉದ್ಯೋಗಿಗಳ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ

ನಿಮ್ಮಲ್ಲಿ ಬಹಳ ಜನ ಹಿಂಜೆವಾಡಿ, ಚಾಕಣ್, ಭೋಸರಿ ಕಡೆ ಕೆಲಸ ಮಾಡುವವರು. ವರ್ಷಕ್ಕೆ ಒಂದೆರಡು ಸಲವಾದರೂ ಮುಂಬೈಗೋ ಗೋವಾಕ್ಕೋ ಸಮ್ಮೇಳನ ಅಂತ ಹೋಗಿ ಬರುತ್ತೀರಿ. ಕುತ್ತಿಗೆಗೆ ಬ್ಯಾಡ್ಜ್ ಹಾಕಿಕೊಂಡು ದಿನವಿಡೀ ಓಡಾಡಿ, ಸಂಜೆ ಜೇಬು ತುಂಬಾ ವಿಸಿಟಿಂಗ್ ಕಾರ್ಡ್ ತರುತ್ತೀರಿ. ಅವರಲ್ಲಿ ಒಬ್ಬರೋ ಇಬ್ಬರೋ ನಿಜವಾಗಿ ಮುಂದೆ ಮಾತಾಡಬೇಕಾದವರು ಇರುತ್ತಾರೆ. ಅವರಿಗೆ ಒಂದು ಮೇಲ್ ಹಾಕಬೇಕು. ‘ನಾವು ಇಂಥ ಕಡೆ ಭೇಟಿಯಾಗಿದ್ದೆವು, ಒಂದು ಕಾಲ್‌ನಲ್ಲಿ ಮಾತಾಡೋಣವಾ’ ಅಂತ ಕೇಳಬೇಕು. ಇವತ್ತು ನಾನು ಮಾತಾಡುವುದು ಈ ಒಂದು ಮೇಲ್ ಬಗ್ಗೆ ಮಾತ್ರ.

ನಾನು ರಫ್ತು ವ್ಯವಹಾರದಲ್ಲಿ ಇರುವವನು. ಇಂಥ ಮೇಲ್ ಬರೆಯುವುದೂ ನನ್ನ ಕೆಲಸ, ಬೇರೆಯವರು ಬರೆದದ್ದು ನನಗೆ ಬಂದಾಗ ಓದುವುದೂ ನನ್ನ ಕೆಲಸ. ಎರಡೂ ಕಡೆ ಕೂತು ನೋಡಿದ್ದರಿಂದ ಒಂದು ವಿಷಯ ನನಗೆ ಚೆನ್ನಾಗಿ ಗೊತ್ತು. ಉತ್ತರ ಬಾರದ ಮೇಲ್‌ಗಳಲ್ಲಿ ಭಾಷೆ ಕೆಟ್ಟದಾಗಿರುವುದಿಲ್ಲ. ಬರೆದವರು ಯಾರು ಅಂತಲೇ ಓದಿದವರಿಗೆ ನೆನಪಾಗಿರುವುದಿಲ್ಲ, ಅಷ್ಟೇ. ನೆನಪಾಗದವರ ಹತ್ತಿರ ಯಾರೂ ಇಪ್ಪತ್ತು ನಿಮಿಷ ಮಾತಾಡುವುದಿಲ್ಲ.

ಒಂದೇ ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ. ನನ್ನ ಪರಿಚಯದ ಒಬ್ಬ ಹುಡುಗ, ಜಮಖಂಡಿ ಕಡೆಯವನು. ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಇದ್ದಾನೆ. ಅವರದು ಪಂಪುಗಳು ಸೋರದ ಹಾಗೆ ಹಾಕುವ ಮೆಕ್ಯಾನಿಕಲ್ ಸೀಲ್ ಮಾಡುವ ಕಂಪನಿ. 2025ರ ಅಕ್ಟೋಬರ್ ಮಧ್ಯದಲ್ಲಿ ಮುಂಬೈಯ ಗೋರೆಗಾಂವ್‌ನ ನೆಸ್ಕೋ ಪ್ರದರ್ಶನ ಕೇಂದ್ರದಲ್ಲಿ ಒಂದು ಸಮ್ಮೇಳನಕ್ಕೆ ಹೋಗಿದ್ದ. ಅಲ್ಲಿ ಒಬ್ಬ ಮೇಡಂ ಸಿಕ್ಕರು. ಮೂಲ ಧಾರವಾಡದವರು, ಈಗ ಜರ್ಮನಿಯ ಒಂದು ಪಂಪ್ ಕಂಪನಿಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಾರೆ. ಹತ್ತು ನಿಮಿಷ ಮಾತಾಯಿತು, ಕಾರ್ಡ್ ಕೊಟ್ಟರು. ಮರುದಿನ ಸಂಜೆ ಅವನು ಮೇಲ್ ಬರೆದು, ಕಳಿಸುವ ಮೊದಲು ನನಗೆ ತೋರಿಸಿದ. ಇಂಗ್ಲಿಷಿನಲ್ಲಿ ಬರೆದದ್ದು. ನಿಮಗೆ ಕನ್ನಡದಲ್ಲಿ ಓದುತ್ತೇನೆ.

“ವಿಷಯ: ನಮ್ಮ ಭೇಟಿಯ ಕುರಿತು. ಮಾನ್ಯ ಮೇಡಂ, ಇತ್ತೀಚೆಗೆ ಮುಂಬೈ ಸಮ್ಮೇಳನದಲ್ಲಿ ನಿಮ್ಮನ್ನು ಭೇಟಿಯಾಗಿದ್ದು ತುಂಬಾ ಸಂತೋಷ. ನಮ್ಮದು ಎಲ್ಲ ಬಗೆಯ ಮೆಕ್ಯಾನಿಕಲ್ ಸೀಲ್ ತಯಾರಿಸುವ ಕಂಪನಿ. ಗುಣಮಟ್ಟಕ್ಕೆ ನಾವು ಹೆಸರಾದವರು. ನಮ್ಮ ಕ್ಯಾಟಲಾಗ್ ಲಗತ್ತಿಸಿದ್ದೇನೆ. ನಿಮಗೆ ಬಿಡುವಾದಾಗ ಒಂದು ಕಾಲ್‌ನಲ್ಲಿ ಮಾತಾಡಬಹುದೇ? ನಿಮ್ಮ ಉತ್ತರದ ನಿರೀಕ್ಷೆಯಲ್ಲಿ.”

ಓದುವುದಕ್ಕೆ ಏನೂ ತೊಂದರೆ ಇಲ್ಲ. ಮರ್ಯಾದೆಯಾಗಿದೆ, ಚಿಕ್ಕದಾಗಿದೆ. ಈಗ ಆ ಮೇಡಂ ಜಾಗದಲ್ಲಿ ಕೂತು ನೋಡಿ. ಅವರು ಎರಡು ದಿನ ಆ ಹಾಲ್‌ನಲ್ಲಿದ್ದರು. ಖರೀದಿ ವಿಭಾಗದವರು ಅಂತ ಬ್ಯಾಡ್ಜ್ ಮೇಲೆ ಕಂಡರೆ ಸಾಕು, ಮಾರುವವರೆಲ್ಲ ಬಂದು ಮಾತಾಡಿಸುತ್ತಾರೆ. ಆ ವಾರ ಅವರಿಗೆ ಬರುವ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಹೀಗೇ ಶುರುವಾಗಿರುತ್ತವೆ. ‘ಮುಂಬೈ ಸಮ್ಮೇಳನದಲ್ಲಿ’ ಅನ್ನುವುದು ಅವರೆಲ್ಲರಿಗೂ ಹೊಂದುತ್ತದೆ. ಅಂದಮೇಲೆ ಅದು ನೆನಪಿಸಿದ ಹಾಗೆ ಆಗಲಿಲ್ಲ, ಅಲ್ವಾ?

ನಾನು ಹುಡುಗನನ್ನು ಕೇಳಿದೆ: “ಅವರ ಹತ್ತಿರ ಏನು ಮಾತಾಡಿದೆ?” ಅವನು ತನ್ನ ಕಂಪನಿ ಬಗ್ಗೆ ಏನೇನು ಹೇಳಿದ ಅಂತ ಶುರು ಮಾಡಿದ. ನಾನು ತಡೆದು, “ಅದು ಬೇಡ, ಅವರು ಏನು ಹೇಳಿದರು?” ಅಂದೆ. ಆಗ ಪರ್ಸ್‌ನಿಂದ ಅವರ ಕಾರ್ಡ್ ತೆಗೆದ. ಹಿಂದೆ ಪೆನ್ನಿನಲ್ಲಿ, ಓದಲಾರದ ಅಕ್ಷರದಲ್ಲಿ ಬರೆದುಕೊಂಡಿದ್ದ: ‘ಕಾಕಂಬಿ ಪಂಪ್. ಓಡುವಾಗ ಸರಿ. ನಿಂತು ಶುರುವಾದಾಗ ಸೋರಿಕೆ.’ ಅಷ್ಟೇ. ಇದು ಬಂಗಾರದಂಥ ಮಾತು. ಇದು ಅವನ ಮೇಲ್‌ನಲ್ಲಿ ಎಲ್ಲೂ ಇರಲಿಲ್ಲ!

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆ ಅವರ ಮಾತೇ ಮುಖ್ಯ ಅನ್ನುವುದಕ್ಕೆ ಕಾರಣ ಇದೆ. ಹೊಸಬರ ವಿಷಯದಲ್ಲಿ ಹೆಸರು ಬೇಗ ಮರೆತು ಹೋಗುತ್ತದೆ. 1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಗುರುತಿಲ್ಲದ ಮುಖಗಳ ಫೋಟೋ ತೋರಿಸಿ, ಪ್ರತಿಯೊಬ್ಬರ ಹೆಸರನ್ನೂ ಕಸುಬನ್ನೂ ಹೇಳಿಕೊಟ್ಟರು. ಹೆಸರೂ ಆಗಬಹುದಾದ, ಕಸುಬೂ ಆಗಬಹುದಾದ ಪದಗಳನ್ನು ಅದರಲ್ಲಿ ಸೇರಿಸಿದ್ದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಒಬ್ಬರ ಅಡ್ಡಹೆಸರು ಬಡಿಗೇರ, ಇನ್ನೊಬ್ಬರು ಬಡಿಗತನ ಮಾಡುವವರು. ಪದ ಹೆಚ್ಚುಕಡಿಮೆ ಒಂದೇ. ಆದರೆ ಅದನ್ನು ಕಸುಬು ಅಂತ ಹೇಳಿದಾಗ ಜನರಿಗೆ ಸುಲಭವಾಗಿ ನೆನಪಾಯಿತು, ಹೆಸರು ಅಂತ ಹೇಳಿದಾಗ ಆಗಲಿಲ್ಲ. ಕಸುಬು ಅಂದ ಕೂಡಲೇ ಉಳಿ, ಗರಗಸ, ಮರದ ಪುಡಿ ಎಲ್ಲ ಕಣ್ಣ ಮುಂದೆ ಬರುತ್ತದೆ. ಹೆಸರಿಗೆ ಹಾಗೆ ಜೋತು ಬೀಳುವುದಕ್ಕೆ ಏನೂ ಇರುವುದಿಲ್ಲ.

ನಮ್ಮ ಮೇಲ್‌ಗಳಲ್ಲಿ ನಾವು ಮಾಡುವುದು ಇದರ ಉಲ್ಟಾ. ನಮ್ಮ ಹೆಸರು, ಕಂಪನಿಯ ಹೆಸರು, ಸಮ್ಮೇಳನದ ಹೆಸರು, ಹೀಗೆ ಮೂರು ಹೆಸರು ಮುಂದಿಟ್ಟು ‘ನೆನಪಿದೆಯಾ’ ಅಂತ ಕೇಳುತ್ತೇವೆ. ನೆನಪು ಬರುವುದು ಜಾಗದಿಂದ, ಆ ಹೊತ್ತಿನಿಂದ, ಎಲ್ಲಕ್ಕಿಂತ ಜಾಸ್ತಿ ಅವರೇ ಆಡಿದ ಮಾತಿನಿಂದ. ತಾವು ಹೇಳಿದ್ದನ್ನು, ಅದರಲ್ಲೂ ತಮಗೆ ತಲೆನೋವಾಗಿರುವ ವಿಷಯದ ಬಗ್ಗೆ ಹೇಳಿದ್ದನ್ನು, ಜನ ಮರೆಯುವುದು ಕಡಿಮೆ. ಆ ಮೇಡಂ ಹತ್ತಾರು ಸೀಲ್ ಮಾರುವವರನ್ನು ನೋಡಿರಬಹುದು. ಕಾಕಂಬಿ ಪಂಪಿನ ಕಥೆ ಎಷ್ಟು ಜನಕ್ಕೆ ಹೇಳಿರುತ್ತಾರೆ?

ಇನ್ನೂ ಒಂದು ಕೇಳಿದೆ: “ಎಲ್ಲಿ ಸಿಕ್ಕರು?” ಊಟದ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದನಂತೆ. ಬ್ಯಾಡ್ಜ್ ಮೇಲಿನ ಅಡ್ಡಹೆಸರು ನೋಡಿ ಅವರೇ ತಿರುಗಿ “ನಮ್ಮ ಕಡೆಯವರೇನು?” ಅಂದರಂತೆ. ಇಬ್ಬರೂ ಕನ್ನಡದಲ್ಲೇ ಮಾತಾಡಿದ್ದಾರೆ. ಇದನ್ನೂ ಅವನು ಮೇಲ್‌ನಲ್ಲಿ ಹಾಕಿರಲಿಲ್ಲ. ಕೇಳಿದರೆ, ವ್ಯವಹಾರದ ಪತ್ರದಲ್ಲಿ ಅದು ಚೆನ್ನಾಗಿರಲ್ಲ ಅಂದ.

ನಾನು ಒಪ್ಪಲಿಲ್ಲ. ಮುಂಬೈಯಲ್ಲಿ ಕನ್ನಡದವರು ಸಿಗುವುದು ದೊಡ್ಡ ವಿಷಯ ಅಲ್ಲ. ಮಾಟುಂಗಾದಲ್ಲಿ ಇಳಿದರೆ ಕಾಫಿ ಕುಡಿಯುವಾಗಲೇ ಕಿವಿಗೆ ಕನ್ನಡ ಬೀಳುತ್ತದೆ. ಆದರೆ ಆ ಹಾಲ್‌ನಲ್ಲಿ, ಆ ಎರಡು ದಿನದಲ್ಲಿ, ಇಂಗ್ಲಿಷ್ ಮತ್ತು ಜರ್ಮನ್ ನಡುವೆ ಇದ್ದ ಆ ಮೇಡಂ ಕನ್ನಡದಲ್ಲಿ ಮಾತಾಡಿದ್ದು ಬಹುಶಃ ಒಬ್ಬನ ಜೊತೆ. ಜಾಗವನ್ನು ನೆನಪಿಸುವಾಗ ಆರಿಸಬೇಕಾದ್ದು ಇಂಥದ್ದನ್ನು. ಆ ದಿನ ಅವರ ಪಾಲಿಗೆ ಅಪರೂಪವಾಗಿದ್ದು ಯಾವುದು ಅಂತ ನೋಡಬೇಕು, ನಮಗೆ ಅಪರೂಪವಾಗಿದ್ದು ಅಲ್ಲ. ‘ನೀವು ವೇದಿಕೆ ಮೇಲೆ ಮಾತಾಡಿದ್ದು ಕೇಳಿದೆ’ ಅನ್ನುವುದು ನಮಗೆ ದೊಡ್ಡದು. ಅವರಿಗೆ ಕೆಳಗೆ ಕೂತವರ ಮುಖ ಒಂದೂ ನೆನಪಿರುವುದಿಲ್ಲ. ಅದೇ ನೀವು ಎದ್ದು ಪ್ರಶ್ನೆ ಕೇಳಿದ್ದರೆ ಆ ಪ್ರಶ್ನೆಯನ್ನೇ ಬರೆಯಿರಿ. ಅದು ನೆನಪಿರುತ್ತದೆ.

ಇಷ್ಟು ಮಾತಾದ ಮೇಲೆ ಅವನನ್ನು ಒಂದು ಕೆಲಸಕ್ಕೆ ಕಳಿಸಿದೆ. ಮೇಲ್ ಬರೆಯುವ ಮೊದಲು, ಅವರು ಹೇಳಿದ ತೊಂದರೆ ಬಗ್ಗೆ ನಿಮ್ಮ ಸರ್ವಿಸ್ ವಿಭಾಗದಲ್ಲಿ ಯಾರಿಗಾದರೂ ಗೊತ್ತಿದೆಯಾ ಕೇಳು ಅಂದೆ. ಯಾಕೆಂದರೆ ನೆನಪಾದ ಮೇಲೆ ಓದುವವರ ಮನಸ್ಸಿನಲ್ಲಿ ಬರುವ ಮುಂದಿನ ಪ್ರಶ್ನೆ ‘ಸರಿ, ಕಾಲ್ ಯಾಕೆ?’ ಅಂತ. ಅದಕ್ಕೆ ಉತ್ತರ ಮೇಲ್‌ನಲ್ಲೇ ಇರಬೇಕು. ‘ಪರಸ್ಪರ ಸಹಕಾರದ ಸಾಧ್ಯತೆ’ ಅನ್ನುವ ಮಾತಿಗೆ ಯಾರೂ ಕ್ಯಾಲೆಂಡರ್‌ನಲ್ಲಿ ಜಾಗ ಕೊಡುವುದಿಲ್ಲ.

ಸರ್ವಿಸ್‌ನಲ್ಲಿ ಒಬ್ಬ ಹಿರಿಯರು ತಕ್ಷಣ ಹೇಳಿದರಂತೆ. ಸಕ್ಕರೆ ಕಾರ್ಖಾನೆಗಳಲ್ಲಿ ಇದು ಹಳೇ ರೋಗ. ಪಂಪ್ ಓಡುತ್ತಿರುವಾಗ ಸೀಲಿನ ಎರಡು ಮುಖಗಳ ನಡುವೆ ಕಾಕಂಬಿಯ ತೆಳು ಪದರ ಇರುತ್ತದೆ, ಬಿಸಿಯಾಗಿಯೇ ಇರುತ್ತದೆ. ಪಂಪ್ ನಿಂತರೆ ಆರಿ, ಸಕ್ಕರೆ ಹರಳುಗಟ್ಟಿ, ಎರಡೂ ಮುಖ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮತ್ತೆ ಶುರು ಮಾಡಿದಾಗ ಆ ಹರಳು ಮುಖವನ್ನು ಕಿತ್ತು ಹಾಕುತ್ತದೆ. ಆಮೇಲೆ ಸೋರದೆ ಇರುತ್ತದೆಯೇ? ಸೀಲಿನ ಹೊರಬದಿಗೆ ಸ್ವಲ್ಪ ಬಿಸಿನೀರು ಹರಿಯುವ ಹಾಗೆ ಮಾಡಿದರೆ ಹರಳು ಕಟ್ಟುವುದಿಲ್ಲ. ಇದಕ್ಕೆ ಕ್ವೆಂಚ್ ಅನ್ನುತ್ತಾರೆ. ಮುಖಗಳು ಎರಡೂ ಸಿಲಿಕಾನ್ ಕಾರ್ಬೈಡ್‌ನಂಥ ಗಟ್ಟಿ ವಸ್ತುವಿನದಾದರೆ ಇನ್ನೂ ಒಳ್ಳೆಯದು. ಈ ವಿಷಯ ನಿಮಗೆ ಬೇಕಾಗಿಲ್ಲದೆ ಇರಬಹುದು. ಆದರೆ ನಿಮ್ಮ ಕೆಲಸದಲ್ಲಿ ಇದರಂಥದ್ದು ಒಂದು ಇದ್ದೇ ಇರುತ್ತದೆ. ಅದನ್ನು ಹುಡುಕಿಕೊಂಡು ಮೇಲ್ ಬರೆಯಲು ಕೂರಬೇಕು.

ಶುಕ್ರವಾರ ಕಳಿಸಿದ ಮೇಲ್ ಹೀಗಿತ್ತು.

“ವಿಷಯ: ಗೋರೆಗಾಂವ್ ಊಟದ ಸಾಲು, ಕಾಕಂಬಿ ಪಂಪ್ ಸೀಲ್

ನಮಸ್ಕಾರ ಮೇಡಂ,

ಬುಧವಾರ ಗೋರೆಗಾಂವ್‌ನಲ್ಲಿ ಊಟದ ಸಾಲಿನಲ್ಲಿ ನಿಮ್ಮ ಹಿಂದೆ ನಿಂತಿದ್ದವನು ನಾನು. ನನ್ನ ಬ್ಯಾಡ್ಜ್ ನೋಡಿ ನೀವು ಕನ್ನಡದಲ್ಲಿ ಮಾತಾಡಿಸಿದಿರಿ. ನಿಮ್ಮ ಕಾಕಂಬಿ ಪಂಪ್ ಓಡುವಾಗ ಸರಿ ಇರುತ್ತದೆ, ನಿಂತು ಮತ್ತೆ ಶುರುವಾದಾಗ ಮಾತ್ರ ಸೀಲ್ ಸೋರುತ್ತದೆ ಅಂದಿರಿ.

ನಮ್ಮ ಸರ್ವಿಸ್ ವಿಭಾಗದವರು ಇದೇ ತೊಂದರೆಯನ್ನು ಸಕ್ಕರೆ ಕಾರ್ಖಾನೆಯಲ್ಲಿ ನೋಡಿದ್ದಾರೆ. ನಿಂತಾಗ ಸೀಲ್ ಮುಖಗಳ ನಡುವೆ ಸಕ್ಕರೆ ಹರಳುಗಟ್ಟುತ್ತಿತ್ತು. ಬಿಸಿನೀರಿನ ಕ್ವೆಂಚ್ ಕೊಟ್ಟ ಮೇಲೆ ಸೋರಿಕೆ ನಿಂತಿತು. ನಿಮ್ಮಲ್ಲಿಯೂ ಅದೇ ಕಾರಣವೇ ಅಂತ ತಿಳಿಯಲು ಎರಡು ವಿಷಯ ಬೇಕು: ಪಂಪ್ ಸಾಮಾನ್ಯವಾಗಿ ಎಷ್ಟು ಹೊತ್ತು ನಿಲ್ಲುತ್ತದೆ, ಈಗ ಕ್ವೆಂಚ್ ಇದೆಯೇ ಇಲ್ಲವೇ.

ಇದರ ಬಗ್ಗೆ 20 ನಿಮಿಷ ಕಾಲ್‌ನಲ್ಲಿ ಮಾತಾಡಬಹುದೇ? ಅಕ್ಟೋಬರ್ 28 ಮಂಗಳವಾರ ಅಥವಾ 30 ಗುರುವಾರ, ಜರ್ಮನಿಯಲ್ಲಿ ಬೆಳಿಗ್ಗೆ 10.30, ಪುಣೆಯಲ್ಲಿ ಮಧ್ಯಾಹ್ನ 3. ಯಾವ ದಿನ ಅಂತ ಬರೆದರೆ ಸಾಕು. ಸೀಲ್ ವಿಷಯ ನೋಡುವವರು ಬೇರೆ ಇದ್ದರೆ ಈ ಮೇಲನ್ನು ಅವರಿಗೆ ಕಳಿಸಬಹುದು.”

ಕೆಳಗೆ ಅವನ ಹೆಸರು, ಕೆಲಸ, ಕಂಪನಿ, ಫೋನ್ ನಂಬರ್. ಲಗತ್ತು ಏನೂ ಇಲ್ಲ.

ವಿಷಯದ ಸಾಲಿನಿಂದ ಶುರು ಮಾಡೋಣ. ಮೊದಲು ಅವನು ಹಾಕಿದ್ದು ‘ನಮ್ಮ ಭೇಟಿಯ ಕುರಿತು’. ಇಂಥ ಮೇಲ್ ಹೆಚ್ಚಾಗಿ ಓದುವುದು ಫೋನಿನಲ್ಲಿ. ಅಲ್ಲಿ ವಿಷಯದ ಸಾಲು ಪೂರ್ತಿ ಕಾಣುವುದಿಲ್ಲ, ಐದಾರು ಪದ ಕಂಡರೆ ಹೆಚ್ಚು. ಅದರ ಮೇಲೆ, ದೊಡ್ಡ ಕಂಪನಿಗಳಲ್ಲಿ ಹೊರಗಿನಿಂದ ಬಂದ ಮೇಲ್‌ಗೆಲ್ಲ ಅವರ ವ್ಯವಸ್ಥೆಯೇ ವಿಷಯದ ಮುಂದೆ [EXTERNAL] ಅಂತ ಒಂದು ಗುರುತು ಅಂಟಿಸುವುದು ಉಂಟು. ಅದು ಒಂದೆರಡು ಪದದ ಜಾಗ ತಿಂದುಬಿಡುತ್ತದೆ. ಹಾಗಾಗಿ ಜಾಗದ ಹೆಸರು ಮೊದಲ ಪದವಾಗಬೇಕು, ಅವರ ತೊಂದರೆ ಅದರ ಹಿಂದೆಯೇ ಬರಬೇಕು. ‘ಊಟದ ಸಾಲು’ ಅಂತ ವಿಷಯದಲ್ಲಿ ಹಾಕುವುದಕ್ಕೆ ಹುಡುಗ ನಾಚಿಕೊಂಡ. ನಾನು ಹಟ ಮಾಡಿ ಹಾಕಿಸಿದೆ.

ವಿಷಯದ ಕೆಳಗೆ, ಮೇಲ್ ತೆರೆಯುವ ಮೊದಲೇ, ಮೇಲ್‌ನ ಮೊದಲ ಸಾಲೂ ಸ್ವಲ್ಪ ಕಾಣುತ್ತದೆ. ‘ನೀವು ಕ್ಷೇಮವೆಂದು ಭಾವಿಸುತ್ತೇನೆ’ ಅಂತ ಶುರು ಮಾಡಿದರೆ ಆ ಜಾಗ ದಂಡ. ಕ್ಷೇಮ ಸಮಾಚಾರ ಕಾಲ್‌ನಲ್ಲಿ ಕೇಳಿ, ಬೇಕಾದಷ್ಟು ಹೊತ್ತು ಕೇಳಿ.

ಮೇಲ್ ಇಂಗ್ಲಿಷಿನಲ್ಲಿ ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಇಬ್ಬರೂ ಕನ್ನಡದವರು, ಕನ್ನಡದಲ್ಲೇ ಮಾತಾಡಿದವರು. ನನಗೂ ಕನ್ನಡದಲ್ಲಿ ಬರೆದರೆ ಸಂತೋಷ. ಆದರೆ ಈ ಮೇಲ್ ಒಬ್ಬರು ಓದಿ ಮುಗಿಸುವಂಥದ್ದಲ್ಲ. ಖರೀದಿಯವರು ಸೀಲಿನ ತಾಂತ್ರಿಕ ವಿಷಯ ತಾವೇ ತೀರ್ಮಾನ ಮಾಡುವುದಿಲ್ಲ. ಅದನ್ನು ಎಂಜಿನಿಯರಿಂಗ್ ವಿಭಾಗದ ಯಾರಿಗೋ ಫಾರ್ವರ್ಡ್ ಮಾಡಬೇಕು. ಕನ್ನಡದಲ್ಲಿದ್ದರೆ ಅವರು ಅನುವಾದ ಮಾಡಿ ಕಳಿಸಬೇಕಾಗುತ್ತದೆ. ಆ ಕೆಲಸ ನಾಳೆಗೆ ಹೋಗುತ್ತದೆ, ನಾಳೆಯಿಂದ ಮುಂದಿನ ವಾರಕ್ಕೆ. ಶುರುವಿನಲ್ಲಿ ಒಂದು ‘ನಮಸ್ಕಾರ’ ಕನ್ನಡದಲ್ಲೇ ಇತ್ತು. ಅಷ್ಟು ಸಾಕು. ಫಾರ್ವರ್ಡ್ ಆಗುತ್ತದೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇನ್ನೂ ಒಂದು ಎಚ್ಚರ ತಾನಾಗಿ ಬರುತ್ತದೆ. ಊಟದ ಸಾಲಿನಲ್ಲಿ ಅವರು ತಮ್ಮ ಕಂಪನಿ ಬಗ್ಗೆ, ಈಗ ಸೀಲ್ ಕೊಡುತ್ತಿರುವವರ ಬಗ್ಗೆ ಏನಾದರೂ ಬೇಸರದ ಮಾತು ಆಡಿದ್ದರೆ ಅದು ಬರವಣಿಗೆಯಲ್ಲಿ ಬರಲೇಬಾರದು. ಸ್ನೇಹದಿಂದ ಹೇಳಿದ್ದನ್ನು ಅವರ ಬಾಸ್ ಕಣ್ಣಿಗೆ ಬೀಳುವ ಹಾಗೆ ಬರೆದರೆ, ಆ ಸಂಬಂಧ ಅಲ್ಲಿಗೇ ಮುಗಿಯಿತು.

ಕ್ಯಾಟಲಾಗ್ ಯಾಕೆ ತೆಗೆಸಿದೆ? ಅಪರಿಚಿತ ವಿಳಾಸದಿಂದ ದೊಡ್ಡ ಲಗತ್ತು ಬಂದರೆ ಕಂಪನಿಗಳ ಮೇಲ್ ವ್ಯವಸ್ಥೆ ಅದನ್ನು ತಡೆದು ಪಕ್ಕಕ್ಕೆ ಇಡಬಹುದು. ಅವರಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಇನ್ನೊಂದು ಕಾರಣ ಜರ್ಮನಿಯದು. ಅಲ್ಲಿ ಅನುಚಿತ ಸ್ಪರ್ಧೆಯ ವಿರುದ್ಧ ಒಂದು ಕಾನೂನು ಇದೆ. ಅದರ 7ನೇ ಸೆಕ್ಷನ್ ಪ್ರಕಾರ, ಮೊದಲೇ ಸ್ಪಷ್ಟ ಒಪ್ಪಿಗೆ ಪಡೆಯದೆ ಜಾಹೀರಾತಿನ ಮೇಲ್ ಕಳಿಸುವಂತಿಲ್ಲ. ಇದು ಕಂಪನಿಗಳಿಗೆ ಕಳಿಸುವ ಮೇಲ್‌ಗೂ ಅನ್ವಯಿಸುತ್ತದೆ. ಹಳೇ ಗಿರಾಕಿಗಳ ವಿಷಯದಲ್ಲಿ ಕೆಲವು ವಿನಾಯಿತಿ ಇದೆ. ಆದರೆ ಊಟದ ಸಾಲಿನಲ್ಲಿ ಸಿಕ್ಕವರು ಗಿರಾಕಿ ಅಲ್ಲವಲ್ಲ. ಕಾರ್ಡ್ ಕೊಟ್ಟರು ಅಂದರೆ ಮಾರ್ಕೆಟಿಂಗ್ ಪಟ್ಟಿಗೆ ಸೇರಿಸಿ ಅಂತ ಅರ್ಥ ಅಲ್ಲ. ಅವರೇ ಎತ್ತಿದ ವಿಷಯಕ್ಕೆ ಒಬ್ಬರು ಇನ್ನೊಬ್ಬರಿಗೆ ಬರೆಯುವುದು ಬೇರೆ, ಕ್ಯಾಟಲಾಗ್ ಹಂಚುವುದು ಬೇರೆ. ನಮ್ಮ ಕಡೆ ಸಮ್ಮೇಳನದಿಂದ ಬಂದ ಕಾರ್ಡ್‌ಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿ ಒಂದೇ ಸಲ ಎಲ್ಲರಿಗೂ ಕಳಿಸುವ ಅಭ್ಯಾಸ ಇದೆ. ದಯವಿಟ್ಟು ಬಿಡಿ.

ಈಗ ಸಮಯದ ವಿಷಯ. ಎಡವುವುದು ಜಾಸ್ತಿ ಇಲ್ಲಿ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

‘ನಿಮಗೆ ಬಿಡುವಾದಾಗ’ ಅನ್ನುವುದು ನಮಗೆ ಮರ್ಯಾದೆ ಅನ್ನಿಸುತ್ತದೆ. ಹಿರಿಯರ ಹತ್ತಿರ ನಾವು ಹಾಗೇ ಮಾತಾಡುವುದು. ಆದರೆ ಮೇಲ್‌ನಲ್ಲಿ ಅದು ಅವರ ತಲೆ ಮೇಲೆ ಕೆಲಸ ಹೊರಿಸುತ್ತದೆ. ಅವರು ತಮ್ಮ ಕ್ಯಾಲೆಂಡರ್ ತೆಗೆಯಬೇಕು, ನಮ್ಮ ದೇಶದ ಸಮಯ ಲೆಕ್ಕ ಹಾಕಬೇಕು, ಒಂದು ಹೊತ್ತು ಆರಿಸಿ ಬರೆಯಬೇಕು, ನಮಗೆ ಆಗುತ್ತದೋ ಇಲ್ಲವೋ ಕಾಯಬೇಕು. ಎರಡು ದಿನ ಹೇಳಿ, ಒಂದು ಹೊತ್ತು ಹೇಳಿ, ಎಷ್ಟು ನಿಮಿಷ ಅಂತ ಹೇಳಿದರೆ ಅವರು ಲಿಫ್ಟ್‌ನಲ್ಲಿ ನಿಂತು ಒಂದು ಪದದಲ್ಲಿ ಉತ್ತರ ಕೊಡಬಹುದು. ನನಗೆ ಎರಡು ದಿನ ಸರಿ ಅನ್ನಿಸುತ್ತದೆ. ಒಂದೇ ದಿನ ಹೇಳಿದರೆ ಹಟ ಮಾಡಿದ ಹಾಗೆ, ಐದು ದಿನ ಹೇಳಿದರೆ ಮತ್ತೆ ಅದೇ ಹುಡುಕಾಟ.

ಆ ಶುಕ್ರವಾರ ಅಕ್ಟೋಬರ್ 17. ಸೋಮವಾರದಿಂದ ದೀಪಾವಳಿ, ಭೋಸರಿಯಲ್ಲಿ ಕಾರ್ಖಾನೆಗಳು ಬಂದ್. ಹುಡುಗ ಊರಿಗೆ ಹೋಗುವವನು. ಹಾಗಾಗಿ ಅದರ ಮುಂದಿನ ವಾರ, 28 ಮತ್ತು 30 ಅಂತ ಇಟ್ಟೆವು. ಪುಣೆಯಲ್ಲಿ ಮಧ್ಯಾಹ್ನ 3 ಗಂಟೆ ಅಂತ ಅವನು ನಿಗದಿ ಮಾಡಿ, ಫೋನಿನಲ್ಲಿ ಜರ್ಮನಿಯ ಸಮಯ ನೋಡಿ, ‘ಅಲ್ಲಿ 11.30’ ಅಂತ ಬರೆದ. ಫೋನ್ ತೋರಿಸಿದ್ದು ಸರಿಯಾಗಿಯೇ ಇತ್ತು, ಆ ದಿನದ ಮಟ್ಟಿಗೆ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದೆ ಇಟ್ಟುಕೊಂಡಿರುತ್ತಾರೆ. ಆಗ ನಮಗೂ ಅವರಿಗೂ ವ್ಯತ್ಯಾಸ ಮೂರೂವರೆ ಗಂಟೆ. ಅಕ್ಟೋಬರ್ ಕೊನೆಯ ಭಾನುವಾರ ಅದನ್ನು ಹಿಂದಕ್ಕೆ ತರುತ್ತಾರೆ. ಅಲ್ಲಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ವ್ಯತ್ಯಾಸ ನಾಲ್ಕೂವರೆ ಗಂಟೆ. 2025ರಲ್ಲಿ ಆ ಭಾನುವಾರ ಅಕ್ಟೋಬರ್ 26. ಅಂದರೆ ಮೇಲ್ ಬರೆದ ದಿನ ಒಂದು ಲೆಕ್ಕ, ಕಾಲ್ ನಡೆಯುವ ದಿನ ಇನ್ನೊಂದು ಲೆಕ್ಕ. 30ನೇ ತಾರೀಕು ಇಲ್ಲಿ 3 ಗಂಟೆಯಾದಾಗ ಅಲ್ಲಿ 10.30.

ಮೊದಲು ಬರೆದಂತೆ ಕಳಿಸಿದ್ದರೆ ಏನಾಗುತ್ತಿತ್ತು? ಹುಡುಗ 3 ಗಂಟೆಗೆ ಕಾಲ್‌ಗೆ ಸೇರಿ ಕಾಯುತ್ತಾನೆ. ಮೇಡಂ ತಮ್ಮ 11.30ಕ್ಕೆ, ಅಂದರೆ ನಮ್ಮ 4 ಗಂಟೆಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಇವನು ಬೇಜಾರಾಗಿ ಎದ್ದು ಹೋಗಿರುತ್ತಾನೆ. ಇಬ್ಬರಿಗೂ ಎದುರಿನವರು ಕೈಕೊಟ್ಟರು ಅನ್ನಿಸುತ್ತದೆ. ಅಮೆರಿಕದವರ ಜೊತೆ ವ್ಯವಹಾರ ಇರುವವರು ಇನ್ನೊಂದು ಗಮನಿಸಿ. ಅಲ್ಲಿ ಗಡಿಯಾರ ತಿರುಗಿಸುವುದು ನವೆಂಬರ್ ಮೊದಲ ಭಾನುವಾರ, ಮತ್ತೆ ಮಾರ್ಚ್ ಎರಡನೇ ಭಾನುವಾರ. ಯೂರೋಪಿನ ತಾರೀಕು ಅವರಿಗೆ ಹೊಂದುವುದಿಲ್ಲ. ಆದ್ದರಿಂದ ‘ಈಗ ಅಲ್ಲಿ ಎಷ್ಟು ಗಂಟೆ’ ಅಂತ ನೋಡಬೇಡಿ. ಕಾಲ್ ಇರುವ ತಾರೀಕನ್ನು ಹಾಕಿ ನೋಡಿ. ಮೇಲ್‌ನಲ್ಲಿ ಎರಡೂ ಕಡೆಯ ಸಮಯವನ್ನು ಊರು ಅಥವಾ ದೇಶದ ಹೆಸರಿನ ಜೊತೆ ಬರೆಯಿರಿ. ಒಂದು ತಪ್ಪಿದ್ದರೆ ಓದುವವರ ಕಣ್ಣಿಗೆ ಬೀಳುತ್ತದೆ.

ಮೇಲ್ ಯಾವಾಗ ಕಳಿಸಬೇಕು ಅನ್ನುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಮೂರು ದಿನದೊಳಗೆ ಕಳಿಸಿ, ಅವರ ಕೆಲಸದ ಹೊತ್ತಿನಲ್ಲಿ ತಲುಪಲಿ. ಹುಡುಗ ಕಳಿಸಿದ್ದು ಇಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ, ಅಲ್ಲಿ ಬೆಳಿಗ್ಗೆ 9. ತಿಂಗಳು ಕಳೆದಿದ್ದರೂ ಬರೆಯಬಾರದು ಅಂತೇನಿಲ್ಲ. ಆಗ ನೆನಪಿಸುವ ಸಾಲು ಇನ್ನೂ ಬಿಡಿಸಿ ಇರಬೇಕು, ತಡವಾಯಿತು ಅಂತ ಉದ್ದ ಕ್ಷಮೆ ಬೇಡ.

ಉತ್ತರ ಸೋಮವಾರ ಬಂತು. “ಗುರುವಾರ ಸರಿ. ನಮ್ಮ ಸೀಲ್ ಎಂಜಿನಿಯರ್ ಕೂಡ ಬರುತ್ತಾರೆ.” ಕೆಳಗೆ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ದೀಪಾವಳಿ ಶುಭಾಶಯ. ಮೇಲ್ ಫಾರ್ವರ್ಡ್ ಆಗಿತ್ತು ಅನ್ನುವುದು ಎರಡನೇ ವಾಕ್ಯದಿಂದಲೇ ತಿಳಿಯಿತು.

ಒಪ್ಪಿಗೆ ಬಂದ ಮೇಲೆ ಮಾತ್ರ ಕ್ಯಾಲೆಂಡರ್ ಇನ್ವೈಟ್ ಕಳಿಸಬೇಕು, ಮೊದಲೇ ಅಲ್ಲ. ಕೇಳದೆ ಬಂದ ಇನ್ವೈಟ್ ಅವರ ಕ್ಯಾಲೆಂಡರ್‌ನಲ್ಲಿ ಹೋಗಿ ಕೂರುತ್ತದೆ. ಅದು ಬೇರೆಯವರ ಮನೆಗೆ ಹೇಳದೆ ಹೋಗಿ ಜಮಖಾನೆ ಹಾಸಿಕೊಂಡ ಹಾಗೆ. ಇನ್ವೈಟ್‌ಗೆ ಅವನು ಇಟ್ಟ ತಲೆಬರಹ ‘ಮೇಡಂ ಜೊತೆ ಕಾಲ್’. ನಾವು ನಮ್ಮ ಕಡೆಯಿಂದ ನೋಡಿ ಹಾಗೆ ಬರೆಯುತ್ತೇವೆ. ಅದೇ ತಲೆಬರಹ ಅವರ ಕ್ಯಾಲೆಂಡರ್‌ನಲ್ಲೂ ಕಾಣುತ್ತದೆ, ಅವರ ಹೆಸರೇ ಅವರಿಗೆ ಕಾಣುತ್ತದೆ, ಯಾರ ಜೊತೆ ಅಂತ ಗೊತ್ತಾಗುವುದಿಲ್ಲ. ಎರಡೂ ಕಂಪನಿಯ ಹೆಸರು, ‘ಕಾಕಂಬಿ ಪಂಪ್ ಸೀಲ್’ ಅನ್ನುವ ವಿಷಯ, ಇಷ್ಟು ಹಾಕಿಸಿದೆ. ಇನ್ವೈಟ್‌ನ ಒಳಗೆ ಆ ಎರಡು ಪ್ರಶ್ನೆಗಳನ್ನು ಮತ್ತೆ ಬರೆಸಿದೆ, ಎಂಜಿನಿಯರ್ ಉತ್ತರ ಸಿದ್ಧ ಮಾಡಿಕೊಂಡು ಬರಲಿ ಅಂತ. ಇನ್ವೈಟ್‌ನಲ್ಲಿ ಸಮಯದ ವಲಯ ಸರಿಯಾಗಿ ಆರಿಸಿದರೆ ಗಡಿಯಾರದ ತಕರಾರನ್ನು ಕ್ಯಾಲೆಂಡರೇ ಸರಿ ಮಾಡಿಕೊಳ್ಳುತ್ತದೆ.

ಎಲ್ಲರಿಗೂ ಹೀಗೆ ಉತ್ತರ ಬರುವುದಿಲ್ಲ. ಬಾರದಿದ್ದರೆ ಮೊದಲು ಮೇಲ್ ತಲುಪಿತೇ ನೋಡಿ. ವಿಳಾಸ ತಪ್ಪಿದ್ದರೆ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಕಾರ್ಡ್‌ನಲ್ಲಿ ಹೆಸರಿನ ನಡುವಿನ ಅಡ್ಡಗೆರೆಯೋ ಚುಕ್ಕೆಯೋ ಕಣ್ಣು ತಪ್ಪಿರುತ್ತದೆ. ರಜೆಯಲ್ಲಿದ್ದೇನೆ ಅನ್ನುವ ತಾನೇತಾನಾದ ಉತ್ತರ ಬಂದರೆ ಅದನ್ನು ಪೂರ್ತಿ ಓದಿ. ವಾಪಸ್ ಬರುವ ತಾರೀಕು ಅದರಲ್ಲಿರುತ್ತದೆ. ಅವರು ಬಂದ ದಿನವೇ ಬೇಡ, ಒಂದೆರಡು ದಿನ ಬಿಟ್ಟು ಬರೆಯಿರಿ.

ಏನೂ ಸುಳಿವಿಲ್ಲದೆ ವಾರ, ಹತ್ತು ದಿನ ಕಳೆದರೆ ಒಂದು ಸಲ ನೆನಪಿಸಬಹುದು. ಅದೇ ಮೇಲ್‌ಗೆ ಉತ್ತರ ಅಂತ ಬರೆಯಿರಿ, ಹಳೆಯದು ಕೆಳಗೆ ಇರಲಿ. ‘ನನ್ನ ಮೇಲ್ ನೋಡಿದಿರಾ’ ಅಂತ ಕೇಳಬೇಡಿ, ಅದು ಲೆಕ್ಕ ಕೇಳಿದ ಹಾಗಿರುತ್ತದೆ. ಹೊಸದಾಗಿ ಏನಾದರೂ ಕೊಡಿ. ಈ ಉದಾಹರಣೆಯಲ್ಲಾದರೆ, ‘ಕ್ವೆಂಚ್ ಹಾಕಿದ ಪಂಪಿನ ಒಂದು ನಕ್ಷೆ ನಮ್ಮಲ್ಲಿದೆ, ಬೇಕಿದ್ದರೆ ಕಳಿಸುತ್ತೇನೆ’ ಅಂತ ಎರಡು ಸಾಲು, ಕೆಳಗೆ ಹೊಸ ಎರಡು ದಿನ. ಹಳೇ ದಿನಗಳು ಕಳೆದುಹೋಗಿರುತ್ತವೆ, ಅದನ್ನು ಹಾಗೇ ಬಿಟ್ಟು ಕಳಿಸುವವರು ಇದ್ದಾರೆ. ಅದಕ್ಕೂ ಉತ್ತರ ಬಾರದಿದ್ದರೆ ಮೂರನೆಯದು ಬೇಡ. ಕಾರ್ಡ್ ಹಿಂದೆ ತಾರೀಕು ಬರೆದು ಇಟ್ಟುಕೊಳ್ಳಿ. ಮುಂದಿನ ಸಮ್ಮೇಳನದ ಪಟ್ಟಿಯಲ್ಲಿ ಅವರ ಹೆಸರು ಕಂಡರೆ ಹೋಗುವ ಮೊದಲೇ ಬರೆಯಬಹುದು: ‘ನೀವು ಬರುತ್ತಿದ್ದೀರಿ ಅಂತ ನೋಡಿದೆ. ಹಿಂದಿನ ಸಲ ಕಾಕಂಬಿ ಪಂಪಿನ ಮಾತು ಅರ್ಧಕ್ಕೆ ನಿಂತಿತ್ತು. ಮೊದಲ ದಿನ ಚಹಾದ ಹೊತ್ತಿಗೆ ಹತ್ತು ನಿಮಿಷ ಸಿಗುತ್ತೀರಾ?’